ಪಾರ್ಟ್ ಕೆಡೋಕೆ ಮುಂಚೆನೇ ಬದಲಾಯಿಸ್ಬೇಕಾ? ತಿಂಗಳ ಸರಾಸರಿ ಖರ್ಚು ಲೆಕ್ಕ ಹಾಕೋದು ಹೀಗೆ

ಪಂಪಿನ ಬೇರಿಂಗ್ ಒಂದಿದೆ ಅಂದ್ಕೊಳ್ಳಿ. ಅದು ಯಾವಾಗ ಕೈಕೊಡುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಓಡ್ತಿರುವಾಗ ಕೆಟ್ಟು ನಿಂತ್ರೆ ಖರ್ಚು ಜಾಸ್ತಿ, ನಾವೇ ಟೈಮ್ ನೋಡಿ ಬಿಚ್ಚಿ ಹೊಸದು ಹಾಕಿದ್ರೆ ಕಡಿಮೆ. ಹಾಗಾದ್ರೆ ಎಷ್ಟು ತಿಂಗಳಿಗೆ ಬದಲಾಯಿಸಿದ್ರೆ ದೀರ್ಘಕಾಲದಲ್ಲಿ ತಿಂಗಳಿಗೆ ಬೀಳೋ ಖರ್ಚು ಅತಿ ಕಡಿಮೆ ಆಗುತ್ತೆ? ಈ ಲೆಕ್ಕವನ್ನ ಎಷ್ಟೋ ಜನ ಮಾಡೋದು ನೋಡಿದೀನಿ, ಹೆಚ್ಚಿನವರು ಎಡವೋದು ಒಂದೇ ಜಾಗದಲ್ಲಿ, ಭಾಗಿಸೋ ಸಂಖ್ಯೆಯಲ್ಲಿ. ಅದಕ್ಕೇ ಆ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದೀನಿ.

ಮೊದಲು ಸೈಕಲ್ ಯಾವುದು ಅಂತ ಗುರುತಿಸಿ. ಹೊಸ ಬೇರಿಂಗ್ ಹಾಕಿದ ಕ್ಷಣದಿಂದ ಮುಂದಿನ ಹೊಸ ಬೇರಿಂಗ್ ಹಾಕೋ ಕ್ಷಣದವರೆಗೆ ಒಂದು ಸೈಕಲ್. ಪ್ರತಿ ಸಲ ಹೊಸದು ಹಾಕಿದಾಗ ಕಥೆ ಸೊನ್ನೆಯಿಂದ ಶುರುವಾಗ್ಬೇಕು, ಹಳೇದರ ನೆನಪು ಏನೂ ಉಳಿದಿರಬಾರದು. ರಿನ್ಯೂಯಲ್ ರಿವಾರ್ಡ್ ಪ್ರಮೇಯ ಹೇಳೋದು ಇಷ್ಟೇ: ಇಂಥ ಸೈಕಲ್‌ಗಳು ಒಂದರ ಹಿಂದೆ ಒಂದು ಬರ್ತಾ ಇದ್ರೆ, ದೀರ್ಘಕಾಲದ ಖರ್ಚಿನ ದರ ಅಂದ್ರೆ ಒಂದು ಸೈಕಲ್ಲಿನ ಸರಾಸರಿ ಖರ್ಚನ್ನ ಒಂದು ಸೈಕಲ್ಲಿನ ಸರಾಸರಿ ಉದ್ದದಿಂದ ಭಾಗಿಸಿದ್ದು.

ಇಲ್ಲಿ ಒಂದು ಮಾತು. ನಿಯಮ "ವಯಸ್ಸು 5 ತಿಂಗಳಾದ್ರೆ ಬದಲಾಯಿಸು" ಅಂತಿದ್ದು, ಬೇರಿಂಗ್ ಮೂರನೇ ತಿಂಗಳಲ್ಲೇ ಕೆಟ್ಟು ಹೊಸದು ಹಾಕಿದ್ರೆ, ಮುಂದಿನ ಪ್ಲಾನ್ಡ್ ಬದಲಾವಣೆ ಎಂಟನೇ ತಿಂಗಳಿಗೆ ಬರುತ್ತೆ, ಐದನೇದಕ್ಕಲ್ಲ. ಕ್ಯಾಲೆಂಡರ್ ನೋಡಿ ಐದು, ಹತ್ತು, ಹದಿನೈದನೇ ತಿಂಗಳು ಅಂತ ಕಣ್ಮುಚ್ಚಿ ಬದಲಾಯಿಸೋದಾದ್ರೆ ಅದು ಬೇರೆ ನೀತಿ, ಅದಕ್ಕೆ ಬೇರೆ ಲೆಕ್ಕ, ಕೆಳಗಿನ ಸೂತ್ರ ಅಲ್ಲಿ ನಡೆಯಲ್ಲ.

ಖರ್ಚು ಬರ್ಕೊಳ್ಳಿ. ಪ್ಲಾನ್ ಮಾಡಿ ಬದಲಾಯಿಸಿದ್ರೆ 100, ಕೆಟ್ಟ ಮೇಲೆ ಬದಲಾಯಿಸಿದ್ರೆ 500, ಹಣ ಯಾವುದಾದ್ರೂ ಇರಲಿ. ಆಯುಷ್ಯ 0 ರಿಂದ 10 ತಿಂಗಳ ಒಳಗೆ ಎಲ್ಲಿ ಬೇಕಾದ್ರೂ ಸಮಾನ ಸಾಧ್ಯತೆಯಲ್ಲಿ ಬೀಳುತ್ತೆ ಅಂತ ಇಟ್ಕೊಳ್ಳೋಣ, ಕೈಯಲ್ಲೇ ಲೆಕ್ಕ ಮುಗಿಯುತ್ತೆ. ಬದಲಾಯಿಸೋ ವಯಸ್ಸನ್ನ T ತಿಂಗಳು ಅನ್ನೋಣ, ಅದಕ್ಕೆ ಮುಂಚೆ ಕೆಡೋ ಸಾಧ್ಯತೆ T/10. ಹಾಗಾಗಿ ಸೈಕಲ್ಲಿನ ಸರಾಸರಿ ಖರ್ಚು 100 + 40T: ನೂರು ಹೇಗಿದ್ರೂ ಆಗುತ್ತೆ, ಕೆಟ್ರೆ ಇನ್ನೂ 400 ಜಾಸ್ತಿ, ಅದಕ್ಕೆ T/10 ಸಾಧ್ಯತೆ. T = 5 ಆದ್ರೆ 300.

ಈಗ ಸೈಕಲ್ಲಿನ ಸರಾಸರಿ ಉದ್ದ, ಎಡವೋ ಜಾಗ ಇದೇ. "5 ತಿಂಗಳಿಗೆ ಬದಲಾಯಿಸ್ತೀನಲ್ಲ, ಹಾಗಾದ್ರೆ ಸೈಕಲ್ 5 ತಿಂಗಳು" ಅಂತ ಬರೆದುಬಿಡ್ತಾರೆ. ಅಲ್ಲ. ಕೆಲವು ಸೈಕಲ್ ಮೊದಲೇ ಕೆಟ್ಟು ಮುಗಿದುಹೋಗಿರುತ್ತೆ. ಆಯುಷ್ಯ ಮತ್ತು T, ಇವೆರಡರಲ್ಲಿ ಯಾವುದು ಚಿಕ್ಕದೋ ಅದೇ ಆ ಸೈಕಲ್ಲಿನ ಉದ್ದ, ಅದರ ಸರಾಸರಿ ತೆಗೀಬೇಕು. ಬಿಡಿಸಿ ನೋಡಿ: ಅರ್ಧ ಸಲ ಬೇರಿಂಗ್ 5 ತಿಂಗಳು ದಾಟುತ್ತೆ, ಆಗ ಉದ್ದ 5. ಇನ್ನರ್ಧ ಸಲ 0 ರಿಂದ 5ರ ಒಳಗೆ ಎಲ್ಲೋ ಕೆಡುತ್ತೆ, ಆಗ ಸರಾಸರಿ 2.5. ಎರಡನ್ನೂ ಸೇರಿಸಿ ಅರ್ಧ ಮಾಡಿದ್ರೆ 3.75 ತಿಂಗಳು. ಯಾವ T ಗಾದ್ರೂ ಬೇಕಂದ್ರೆ, "ಇನ್ನೂ ಬದುಕಿದೆ" ಅನ್ನೋ ಸಾಧ್ಯತೆಯನ್ನ 0 ಯಿಂದ T ವರೆಗೆ ಇಂಟಿಗ್ರೇಟ್ ಮಾಡಿ, ಇಲ್ಲಿ T − T²/20 ಬರುತ್ತೆ. ಯಾವ ಹಂಚಿಕೆ ಇದ್ರೂ ಈ ದಾರಿ ನಡೆಯುತ್ತೆ, ನಾನಂತೂ ಯಾವಾಗ್ಲೂ ಇದನ್ನೇ ಹಿಡೀತೀನಿ. ಹಾಗಾಗಿ ತಿಂಗಳಿಗೆ ಬೀಳೋ ಸರಾಸರಿ ಖರ್ಚು C(T) ಹೀಗೆ:

```
C(T) = (100 + 40*T) / (T - T^2/20)
```

T = 5 ಹಾಕಿದ್ರೆ 300 / 3.75 = 80. ತಿಂಗಳಿಗೆ 80. ಕೆಡೋವರೆಗೂ ಬಿಟ್ರೆ, ಅಂದ್ರೆ T = 10, 500 / 5 = 100. ಡೆರಿವೇಟಿವ್ ಸೊನ್ನೆ ಮಾಡಿದ್ರೆ T² + 5T − 50 = 0, ಉತ್ತರ ಸರಿಯಾಗಿ 5.

ತಪ್ಪು ಭಾಗಾಕಾರ ಏನ್ ಮಾಡುತ್ತೆ ಅಂತಾನೂ ನೋಡಿ. ಬರೀ T ಯಿಂದ ಭಾಗಿಸಿದ್ರೆ 100/T + 40, ಇದು T ಜಾಸ್ತಿ ಆದಷ್ಟೂ ಇಳೀತಾನೇ ಹೋಗುತ್ತೆ, ಹತ್ತನೇ ತಿಂಗಳಿಗೆ 50 ಅಂತ ತೋರ್ಸುತ್ತೆ. ಅಂದ್ರೆ "ಮುಂಚೆ ಬದಲಾಯಿಸೋದೇ ಬೇಡ, ಕೆಡೋವರೆಗೂ ಓಡಿಸಿ" ಅನ್ನೋ ಸಲಹೆ ಬರುತ್ತೆ. ಸಂಖ್ಯೆ ಮಾತ್ರ ತಪ್ಪಲ್ಲ, ತೀರ್ಮಾನವೇ ಉಲ್ಟಾ.

ಇನ್ನೊಂದು ಅಷ್ಟೇ ಕೆಟ್ಟ ತಪ್ಪು ಎಕ್ಸೆಲ್ ಶೀಟ್‌ಗಳಲ್ಲಿ ಕಾಣುತ್ತೆ. ಪ್ರತಿ ಸೈಕಲ್ಲಿಗೂ ಖರ್ಚು ಭಾಗಿಸು ಉದ್ದ ಅಂತ ಒಂದು ಕಾಲಂ ಮಾಡಿ ಕೊನೆಗೆ ಆ ಕಾಲಮ್ಮಿನ ಸರಾಸರಿ ತೆಗೆಯೋದು. ಒಂದು ಬೇರಿಂಗ್ 1 ತಿಂಗಳಿಗೆ ಕೆಡ್ತು, ಇನ್ನೊಂದು 9 ತಿಂಗಳಿಗೆ, ಎರಡಕ್ಕೂ ತಲಾ 500. ನಿಜವಾಗಿ ಖರ್ಚಾಗಿದ್ದು 10 ತಿಂಗಳಲ್ಲಿ 1000, ತಿಂಗಳಿಗೆ 100. ಆ ಕಾಲಮ್ಮು ಕೊಡೋದು 500 ಮತ್ತು 55.6ರ ಸರಾಸರಿ, ಸುಮಾರು 278. ಬೇಗ ಕೆಟ್ಟ ಸೈಕಲ್ಲಿಗೆ ಅದು ಬದುಕಿದ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚು ತೂಕ ಬಿದ್ದುಬಿಡುತ್ತೆ. ನಮ್ಮ ಉದಾಹರಣೆಯಲ್ಲಿ ಆಯುಷ್ಯ ಸೊನ್ನೆಯ ಹತ್ತಿರವೂ ಬರಬಹುದಾದ್ದರಿಂದ ಆ ಸರಾಸರಿ ಅನಂತಕ್ಕೇ ಹೋಗುತ್ತೆ. ಇಂಥ ಕಾಲಂ ಇರೋ ರೆಡಿಮೇಡ್ ಶೀಟ್ ಕೈಗೆ ಸಿಕ್ರೆ ಬಳಸಲೇಬೇಡಿ. ಒಟ್ಟು ಖರ್ಚನ್ನ ಒಟ್ಟು ಕಾಲದಿಂದ ಭಾಗಿಸಿ, ಅಷ್ಟೇ.

ನಂಬಿಕೆ ಬರ್ಲಿಲ್ಲ ಅಂದ್ರೆ ಎರಡು ನಿಮಿಷದ ಸಿಮ್ಯುಲೇಷನ್ ಸಾಕು:

```python
import random
T, cost, time = 5, 0, 0
for _ in range(200000):
    x = random.uniform(0, 10)
    time += min(x, T)
    cost += 500 if x < T else 100
print(cost / time)
```

80ರ ಆಸುಪಾಸು ಬರುತ್ತೆ. ಬರ್ಲಿಲ್ಲ ಅಂದ್ರೆ `min` ಬರೆಯೋ ಸಾಲನ್ನೇ ಮೊದಲು ನೋಡಿ.

T ಆರಿಸೋದು. 4 ತಿಂಗಳಿಗೆ ಬದಲಾಯಿಸಿದ್ರೆ 81.25, 6 ತಿಂಗಳಿಗೆ ಸುಮಾರು 81. ತಳ ಇಷ್ಟು ಚಪ್ಪಟೆ ಇರೋದರಿಂದ ಸರಿಯಾಗಿ 5ನೇ ತಿಂಗಳೇ ಅಂತ ಹಠ ಹಿಡಿಯೋದು ಬೇಡ, ಬೇರೆ ಕೆಲಸಕ್ಕೆ ಪಂಪ್ ನಿಲ್ಸೋ ದಿನಕ್ಕೆ ಜೋಡಿಸ್ಕೊಳ್ಳಿ. ಆದ್ರೆ ಹೆದರಿಕೊಂಡು 2 ತಿಂಗಳಿಗೇ ಬಿಚ್ಚೋದಾದ್ರೆ 180 / 1.8 = 100, ಅಂದ್ರೆ ಕೆಡೋವರೆಗೂ ಬಿಟ್ಟಷ್ಟೇ ಖರ್ಚು! ಒಂದು ತಿಂಗಳಿಗೆ ಬಿಚ್ಚಿದ್ರೆ 147. ಹುಷಾರು ಜಾಸ್ತಿ ಆದ್ರೂ ದುಡ್ಡು ಪೋಲು.

ಬದಲಾಯಿಸೋಕೇ ಸಮಯ ಹಿಡಿಯುತ್ತೆ ಅಂದ್ರೆ ಆ ಸರಾಸರಿ ಸಮಯವನ್ನ ಭಾಜಕಕ್ಕೆ ಸೇರಿಸಿ, ಪಂಪ್ ನಿಂತಿದ್ದ ನಷ್ಟವನ್ನ ಮೇಲಿನ ಖರ್ಚಿಗೆ.

ಆಯುಷ್ಯದ ಡೇಟಾ ತಗೊಳ್ಳುವಾಗ ಎಚ್ಚರ ಇರಲಿ. ಪ್ಲಾನ್ ಪ್ರಕಾರ ಚೆನ್ನಾಗಿರುವಾಗಲೇ ಬಿಚ್ಚಿದ ಬೇರಿಂಗ್ "5 ತಿಂಗಳಿಗೆ ಕೆಟ್ಟಿತು" ಅಂತ ರಿಜಿಸ್ಟರ್‌ನಲ್ಲಿ ಸೇರಿದ್ರೆ ಆಯುಷ್ಯ ನಿಜಕ್ಕಿಂತ ಕಡಿಮೆ ಕಾಣುತ್ತೆ. ಅದು "ಕನಿಷ್ಠ 5 ತಿಂಗಳು ಬದುಕಿತ್ತು" ಅನ್ನೋ ಮಾಹಿತಿ ಮಾತ್ರ, ಅದನ್ನ ಪ್ರತ್ಯೇಕ ಗುರುತು ಹಾಕಿ ಇಡಿ, ಕಪ್ಲಾನ್–ಮೇಯರ್ ವಿಧಾನ ಇಂಥ ದಾಖಲೆಗೇ ಇರೋದು.

ಕೊನೆಗೆ, ಈ ಇಡೀ ಲಾಭ ಪಾರ್ಟ್ ಸವೆಯೋದಾದ್ರೆ ಮಾತ್ರ. ವಯಸ್ಸಿಗೂ ಕೆಡೋ ಸಾಧ್ಯತೆಗೂ ಸಂಬಂಧವೇ ಇಲ್ಲದ, ಎಕ್ಸ್‌ಪೊನೆನ್ಷಿಯಲ್ ಆಯುಷ್ಯದ ಪಾರ್ಟ್ ಆದ್ರೆ C(T) ಯಾವ T ಯಲ್ಲೂ ಮತ್ತೆ ಮೇಲೇರಲ್ಲ, ಇಳೀತಾನೇ ಇರುತ್ತೆ, ಯಾಕಂದ್ರೆ ಮೂರು ತಿಂಗಳು ಓಡಿದ್ದೂ ಹೊಸದೂ ಅಲ್ಲಿ ಒಂದೇ. ಅಂಥದ್ದನ್ನ ಕೆಡೋವರೆಗೂ ಬಿಡಿ.