ಒಂದೇ ಫಂಡ್, ಭಾವನಿಗೆ ಲಾಭ, ನನಗೆ ನಷ್ಟ

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಸಂಬಳದವರ ಹಾಗೆ ತಿಂಗಳು ತಿಂಗಳು ದುಡ್ಡು ಬರುವುದಿಲ್ಲ. ಕೊಯ್ಲು ಮುಗಿದು, ಒಣಗಿಸಿ, ಬೀಜ ಮಾರಿದ ಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಒಟ್ಟಿಗೆ ಬರುತ್ತದೆ. ಹೂಡಿಕೆಯೂ ಆಗಲೇ, ಒಂದೇ ಕಂತಿನಲ್ಲಿ. ಈ ಲೆಕ್ಕದ ಗೊಂದಲವೆಲ್ಲ ಶುರುವಾದದ್ದು ಅಲ್ಲಿಂದ.

2021ರ ಮಾರ್ಚ್ 15ರಂದು ಹಾಸನದ ಭಾವನೂ ನಾನೂ ಒಂದೇ ಮ್ಯೂಚುವಲ್ ಫಂಡ್‌ಗೆ ತಲಾ ಒಂದು ಲಕ್ಷ ಹಾಕಿದೆವು. ಸಣ್ಣ ಕಂಪನಿಗಳ ಷೇರು ಕೊಳ್ಳುವ ಫಂಡ್ ಅದು. ಅವತ್ತು ಯೂನಿಟ್ ಬೆಲೆ, ಅಂದರೆ ಎನ್‌ಎವಿ, 50 ರೂಪಾಯಿ. ಇಬ್ಬರಿಗೂ 2,000 ಯೂನಿಟ್. (ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ. ಯೂನಿಟ್ ಕೊಳ್ಳುವಾಗ ಕಡಿತವಾಗುವ 0.005 ಶೇಕಡಾ ಮುದ್ರಾಂಕ ಶುಲ್ಕವನ್ನೂ ಬಿಟ್ಟಿದ್ದೇನೆ.) ಆ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅರೇಬಿಕಾ ರೇಟು ಏರಿತು. ಮುಂದಿನ ಮಾರ್ಚ್‌ಗೆ ನನ್ನ ಕೈಯಲ್ಲಿ ಎಂದೂ ಇಲ್ಲದಷ್ಟು ಹಣವಿತ್ತು. ಫಂಡ್ ಕೂಡ ವರ್ಷದಲ್ಲಿ 30 ಶೇಕಡಾ ಏರಿ 65ಕ್ಕೆ ಬಂದಿತ್ತು. 2022ರ ಮಾರ್ಚ್ 15ರಂದು ಆರೂವರೆ ಲಕ್ಷ ಸುರಿದೆ. 10,000 ಯೂನಿಟ್ ಸೇರಿ ಒಟ್ಟು 12,000 ಆಯಿತು. ಭಾವ ಹೊಸದಾಗಿ ಏನೂ ಹಾಕಲಿಲ್ಲ.

ಮುಂದಿನ ವರ್ಷ ಫಂಡ್ 10 ಶೇಕಡಾ ಇಳಿಯಿತು. 2023ರ ಮಾರ್ಚ್ 15ಕ್ಕೆ ಎನ್‌ಎವಿ 58.50. ಭಾವನ ಒಂದು ಲಕ್ಷ 1,17,000 ಆಗಿತ್ತು. ನಾನು ಹಾಕಿದ್ದು 7,50,000, ಉಳಿದದ್ದು 7,02,000.

"ಒಳ್ಳೇ ಫಂಡ್ ಕಣೋ, ವರ್ಷಕ್ಕೆ ಎಂಟು ಪರ್ಸೆಂಟ್ ಕೊಟ್ಟಿದೆ" ಅಂದರು ಭಾವ ಫೋನಿನಲ್ಲಿ.

"ನಿಮಗೆ ಕೊಟ್ಟಿರಬಹುದು ಭಾವ, ನನ್ನ ನಲವತ್ತೆಂಟು ಸಾವಿರ ನುಂಗಿದೆ" ಅಂದೆ.

ಫಂಡಿನವರು ಪ್ರಕಟಿಸುವ ಫ್ಯಾಕ್ಟ್‌ಶೀಟಿನಲ್ಲೂ ಎರಡು ವರ್ಷಕ್ಕೆ ವಾರ್ಷಿಕ 8.17 ಶೇಕಡಾ ಎಂದೇ ಇತ್ತು. ಅವರು ಸುಳ್ಳು ಬರೆದಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಒಂದು ಸಂಜೆ ಕೂತು ಲೆಕ್ಕ ಹಾಕಿದಾಗ ಸುಳ್ಳೇನೂ ಇರಲಿಲ್ಲ. ಮೊದಲ ವರ್ಷ 1.30, ಎರಡನೇ ವರ್ಷ 0.90. ಗುಣಿಸಿದರೆ 1.17, ಅದರ ವರ್ಗಮೂಲ 1.0817. ಇದೇ ಟೈಮ್ ವೆಯ್ಟೆಡ್ ಪ್ರತಿಫಲ, ಅಂದರೆ ಸಮಯದ ತೂಕದ್ದು. ಇಲ್ಲಿ ಪ್ರತಿ ಅವಧಿಗೂ ಅದರ ಕಾಲದಷ್ಟೇ ತೂಕ. ಆ ಅವಧಿಯಲ್ಲಿ ಒಂದು ಲಕ್ಷ ಇತ್ತೋ ಏಳೂವರೆ ಲಕ್ಷ ಇತ್ತೋ ಅದು ಕೇಳುವುದಿಲ್ಲ. ಫಂಡ್ ಮ್ಯಾನೇಜರನನ್ನು ಅಳೆಯಲು ಇದೇ ಸರಿ, ಏಕೆಂದರೆ ನಾನು ಯಾವಾಗ ಬೀಜ ಮಾರುತ್ತೇನೆ ಅನ್ನುವುದು ಅವನ ಕೈಯಲ್ಲಿಲ್ಲ.

ನನ್ನ ಜೇಬಿನ ಲೆಕ್ಕ ಬೇರೆ. ಒಳ್ಳೆಯ ವರ್ಷದಲ್ಲಿ ಅಲ್ಲಿದ್ದದ್ದು ನನ್ನ ಒಂದು ಲಕ್ಷ. ಕೆಟ್ಟ ವರ್ಷಕ್ಕೆ ಸಿಕ್ಕಿದ್ದು ಏಳು ಲಕ್ಷ ಎಂಬತ್ತು ಸಾವಿರ. ಗಿಡ ಎಷ್ಟು ಕಾಯಿ ಬಿಡುತ್ತದೆ ಅನ್ನುವುದು ಒಂದು, ಹೂಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಎಷ್ಟು ಗಿಡ ಫಸಲಿಗೆ ಬಂದಿದ್ದವು ಅನ್ನುವುದು ಇನ್ನೊಂದು. ಈ ಎರಡನೆಯದನ್ನು ಹೇಳುವುದು ಮನಿ ವೆಯ್ಟೆಡ್ ಪ್ರತಿಫಲ. ಎಲ್ಲ ಕಂತುಗಳೂ ಯಾವ ಒಂದೇ ಬಡ್ಡಿದರದಲ್ಲಿ ಬೆಳೆದಿದ್ದರೆ ಕೊನೆಗೆ ಸರಿಯಾಗಿ 7,02,000 ಆಗುತ್ತಿತ್ತು ಎಂದು ಅದು ಹುಡುಕುತ್ತದೆ. ಕೈಲೆಕ್ಕಕ್ಕೆ ಕಷ್ಟ, ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು. ಎರಡನೇ ಸಾಲಿನಿಂದ ಶುರುಮಾಡಿ ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಹಣ ಬರೆದುಕೊಂಡೆ: -100000, -650000, 702000. ಕೈಯಿಂದ ಹೋದದ್ದಕ್ಕೆ ಮೈನಸ್, ಇವತ್ತಿನ ಮೌಲ್ಯಕ್ಕೆ ಪ್ಲಸ್.

```
=XIRR(B2:B4, A2:A4)
```

ಉತ್ತರ ಮೈನಸ್ 5.7 ಶೇಕಡಾ. ಫಂಡ್ ಎಂಟು ಗಳಿಸಿತು, ನಾನು ವರ್ಷಕ್ಕೆ ಐದು ಚಿಲ್ಲರೆ ಕಳೆದೆ. ಎರಡೂ ನಿಜ.

ಇದನ್ನು ನೋಡಿ ನಾನೇ ದಡ್ಡತನ ಮಾಡಿದೆ ಎಂದು ಕೆಲವು ದಿನ ಕೊರಗಿದೆ. ಆಮೇಲೆ ಎರಡೂ ವರ್ಷಗಳನ್ನು ಅದಲುಬದಲು ಮಾಡಿ ನೋಡಿದೆ. ಮೊದಲು 10 ಇಳಿದು ನಂತರ 30 ಏರಿದ್ದರೆ? ಮೊದಲಿನ ಒಂದು ಲಕ್ಷ ಇಳಿದು ತೊಂಬತ್ತು ಸಾವಿರವಾಗುತ್ತಿತ್ತು, ಆರೂವರೆ ಸೇರಿ 7,40,000, ಕೊನೆಗೆ 9,62,000. ಫಂಡ್‌ನ ಅಂಕಿ ಅದೇ 8.17, ನನ್ನದು ಮಾತ್ರ 24.2 ಶೇಕಡಾ! ನಾನು ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಅದೇ ದಿನಾಂಕ, ಅದೇ ಮೊತ್ತ. ಹಾಗಾಗಿ ಮನಿ ವೆಯ್ಟೆಡ್ ಅಂಕಿಯನ್ನು ನನ್ನ ಬುದ್ಧಿಗೆ ಕೊಟ್ಟ ಮಾರ್ಕ್ಸ್ ಎಂದು ಈಗ ಓದುವುದಿಲ್ಲ. ಅದರಲ್ಲಿ ಬ್ರೆಜಿಲ್‌ನ ಹಿಮವೂ ಸೇರಿದೆ. ಆದರೆ ಹೋದ ವರ್ಷ ಏರಿತ್ತು ಎಂಬ ಕಾರಣಕ್ಕೇ ಆ ಆರೂವರೆ ಲಕ್ಷವೂ ಅದೇ ಫಂಡಿಗೆ ಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಅಷ್ಟು ಭಾಗ ನನ್ನದೇ.

ಫಂಡ್‌ಗೆ ಎನ್‌ಎವಿ ಇರುವುದರಿಂದ ಟೈಮ್ ವೆಯ್ಟೆಡ್ ಲೆಕ್ಕ ತಾನಾಗಿ ಸಿಗುತ್ತದೆ. ಹೊಸ ಹಣ ಬಂದರೆ ಯೂನಿಟ್ ಹೆಚ್ಚುತ್ತದೆಯೇ ಹೊರತು ಬೆಲೆ ಬದಲಾಗುವುದಿಲ್ಲ. ನಾನೇ ಆರಿಸಿ ಕೊಂಡ ಷೇರುಗಳಿಗೆ ಆ ಸೌಕರ್ಯವಿಲ್ಲ. ಅದಕ್ಕೆ ನೋಟ್‌ಬುಕ್ಕಿನಲ್ಲಿ ನನ್ನದೇ ಯೂನಿಟ್ ಮಾಡಿಕೊಂಡೆ. ಮೊದಲ ದಿನದ ಎರಡು ಲಕ್ಷವನ್ನು ನೂರು ರೂಪಾಯಿಯ 2,000 ಯೂನಿಟ್ ಎಂದು ಬರೆದೆ. ಮತ್ತೆ 1,10,000 ಹಾಕುವ ದಿನ, ಹಾಕುವ ಮುಂಚೆ, ಷೇರುಗಳ ಮೌಲ್ಯ 2,20,000 ಇತ್ತು. ಯೂನಿಟ್‌ಗೆ 110. ಹಾಗಾದರೆ ಹೊಸ ಹಣಕ್ಕೆ 1,000 ಯೂನಿಟ್. ಯೂನಿಟ್ ಬೆಲೆ 100ರಿಂದ 110 ಆದದ್ದೇ ನನ್ನ ಆಯ್ಕೆಯ ಫಲ.

ಒಂದು ಸಲ ಹಣ ಹಾಕಿದ ಮೇಲೆ ಮೌಲ್ಯ ಬರೆದುಕೊಂಡು ಬಿಟ್ಟೆ. 3,30,000ವನ್ನು ಹಳೆಯ 2,000 ಯೂನಿಟ್‌ನಿಂದ ಭಾಗಿಸಿದರೆ 165 ಬಂತು. ಅರವತ್ತೈದು ಪರ್ಸೆಂಟ್ ಲಾಭ ಎಂದು ಮನೆಯಲ್ಲಿ ಜಂಬ ಕೊಚ್ಚಿಯೂ ಆಯಿತು. ನನ್ನದೇ ಹಣ ಲಾಭದ ವೇಷ ಹಾಕಿ ಬಂದಿತ್ತು. ಹಣ ಹಾಕಿದ ದಿನವೇ ಯೂನಿಟ್ ಬೆಲೆ ಹಾರಿದ್ದು ಕಂಡರೆ ತಪ್ಪು ಅಲ್ಲೇ ಇರುತ್ತದೆ.

XIRR ಕೂಡ ಕಾಡಿಸಿದೆ. ಮೈನಸ್ ಹಾಕಲು ಮರೆತು ಎಲ್ಲ ಅಂಕಿಯೂ ಪ್ಲಸ್ ಇದ್ದರೆ #NUM! ಎನ್ನುತ್ತದೆ, ಅದು ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಗೊತ್ತಾಗದ ತಪ್ಪು ದಿನಾಂಕದ್ದು. ಶೀಟು ಅಮೆರಿಕದ ಪದ್ಧತಿಯಲ್ಲಿದ್ದರೆ 05/04/2021 ಎಂಬ ನಮ್ಮ ಏಪ್ರಿಲ್ 5 ಸದ್ದಿಲ್ಲದೆ ಮೇ 4 ಆಗುತ್ತದೆ. ಅದಕ್ಕೆ ನಾನು 5-Apr-2021 ಎಂದೇ ಟೈಪ್ ಮಾಡುತ್ತೇನೆ. ನಷ್ಟದ ಖಾತೆಯಲ್ಲಿ ಎಕ್ಸೆಲ್ ಕೆಲವು ಸಲ 2.98E-09 ಎಂದು ಸೊನ್ನೆಯಂಥ ಉತ್ತರ ಕೊಡುತ್ತದೆ. ಅದು ಉತ್ತರವಲ್ಲ, ಹುಡುಕಲಾಗದೆ ಕೈಚೆಲ್ಲಿದ್ದು. ಸೂತ್ರದಲ್ಲಿ ದಿನಾಂಕಗಳ ನಂತರ ಮೂರನೇ ಜಾಗದಲ್ಲಿ -0.1 ಎಂದು ಅಂದಾಜು ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇದನ್ನೆಲ್ಲ ಭಾವನಿಗೂ ಕಲಿಸಿದೆ. ಒಂದು ದಿನ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು, ಹೊಸ ಹೂಡಿಕೆಗೆ XIRR 62 ಪರ್ಸೆಂಟ್. "ಹಾಕಿ ಎಷ್ಟು ದಿನ ಆಯ್ತು ಭಾವ?" ಎಂದು ಕೇಳಿದೆ. ಹದಿನೈದು ದಿನ ಆಗಿತ್ತಂತೆ, ಏರಿದ್ದು ಎರಡೇ ಪರ್ಸೆಂಟ್. ಆ ಹದಿನೈದು ದಿನದ ಓಟ ವರ್ಷಪೂರ್ತಿ ನಡೆದರೆ ಎಂದು ಶೀಟು ಹಿಗ್ಗಿಸಿತ್ತು. ವರ್ಷ ತುಂಬುವ ತನಕ ಆ ಕಾಲಂ ಮುಚ್ಚಿಡಿ, ಬರೀ ಎರಡು ಅಂತ ಬರೆದುಕೊಳ್ಳಿ ಅಂದೆ.