ತೀರಿಕೊಂಡವರ ಷೇರು ವಾರಸುದಾರರ ಹೆಸರಿಗೆ: ಕಂಪನಿ ಕೇಳುವ ಕಾಗದಗಳು ಮತ್ತು ಎಡವುವ ಜಾಗಗಳು

ಮನೆಯ ಯಜಮಾನರು ತೀರಿಕೊಂಡರೆ ಜಮೀನಿಗೆ ಪೌತಿ ಖಾತೆ ಮಾಡಿಸಬೇಕು ಎಂಬುದು ಶಿವಮೊಗ್ಗ ಸೀಮೆಯ ಪ್ರತಿ ಮನೆಗೂ ಗೊತ್ತು. ಅವರ ಹೆಸರಿನಲ್ಲಿದ್ದ ಷೇರುಗಳಿಗೂ ಅಂಥದೇ ಒಂದು ಕ್ರಮವಿದೆ. ಕಂಪನಿಯವರು ಇದನ್ನು ಟ್ರಾನ್ಸ್‌ಮಿಷನ್ ಎನ್ನುತ್ತಾರೆ. ಇದು ಮಾರಾಟವೂ ಅಲ್ಲ, ದಾನವೂ ಅಲ್ಲ. ಕಾನೂನಿನ ಬಲದಿಂದಲೇ ಹಕ್ಕು ಬದಲಾಗುವುದರಿಂದ ವರ್ಗಾವಣೆ ಪತ್ರವಾಗಲಿ, ವರ್ಗಾವಣೆಯ ಮುದ್ರಾಂಕ ಶುಲ್ಕವಾಗಲಿ ಬೇಕಿಲ್ಲ. ಆದರೂ ಕಳುಹಿಸಿದ ಲಕೋಟೆಗಳು ಆಕ್ಷೇಪಣೆಯ ಪತ್ರದೊಂದಿಗೆ ಹಿಂದಿರುಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಅರ್ಜಿ ನಮೂನೆಯಲ್ಲ, ವಾರಸುದಾರರ ಪಟ್ಟಿ.

ಮೊದಲು ಷೇರು ಯಾವ ರೀತಿಯದೆಂದು ನೋಡಿಕೊಳ್ಳಿ. ಮಾಮ್ಕೋಸ್‌ನಂಥ ಸಹಕಾರ ಸಂಘದ ಷೇರುಗಳಿಗೆ ಸಂಘದ ಬೈಲಾ ಮತ್ತು ಸಹಕಾರ ಕಾಯ್ದೆ ಅನ್ವಯಿಸುತ್ತವೆ, ಅದಕ್ಕೆ ಸಂಘದ ಕಚೇರಿಯಲ್ಲೇ ವಿಚಾರಿಸಬೇಕು. ಷೇರುಪೇಟೆಯಲ್ಲಿ ನೋಂದಾಯಿಸದ ಖಾಸಗಿ ಕಂಪನಿಯಾದರೆ ಅದರ ಆಡಳಿತ ಮಂಡಳಿಗೆ ಬರೆಯಬೇಕು. ಇಲ್ಲಿ ಹೇಳುತ್ತಿರುವುದು ಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ, ಅದರಲ್ಲೂ ಇನ್ನೂ ಕಾಗದದ ರೂಪದಲ್ಲೇ ಉಳಿದಿರುವ ಷೇರುಗಳ ವಿಷಯ.

ಷೇರುಪತ್ರವನ್ನು ಕೈಯಲ್ಲಿ ಹಿಡಿದು ಫೋಲಿಯೊ ಸಂಖ್ಯೆ, ಹೆಸರು ಮತ್ತು ಷೇರುಗಳ ಸಂಖ್ಯೆಯನ್ನು ಬರೆದುಕೊಂಡು ಕಂಪನಿಯ ಪರವಾಗಿ ಷೇರುದಾರರ ದಾಖಲೆಗಳನ್ನು ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಗೆ ಪತ್ರ ಅಥವಾ ಮಿಂಚಂಚೆ ಕಳುಹಿಸಿ. ಆ ಸಂಸ್ಥೆ ಯಾವುದು ಎಂಬುದು ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ಮೂರು ಪ್ರಶ್ನೆಗಳನ್ನು ಕೇಳಿ: ಈ ಫೋಲಿಯೊದಲ್ಲಿ ಈಗ ಎಷ್ಟು ಷೇರುಗಳಿವೆ, ನಾಮಿನಿ ದಾಖಲಾಗಿದ್ದಾರೆಯೇ, ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗಿವೆಯೇ. ಮಳೆಗಾಲದ ತೇವಕ್ಕೆ ಷೇರುಪತ್ರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಲವಂತವಾಗಿ ಬಿಡಿಸಬೇಡಿ. ಅವನ್ನು ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ, ಮೂಲ ಪತ್ರವನ್ನು ಕಂಪನಿಗೆ ಒಪ್ಪಿಸಬೇಕಾಗುತ್ತದೆ.

ಜಂಟಿ ಹೆಸರಿನಲ್ಲಿದ್ದು ಇನ್ನೊಬ್ಬರು ಬದುಕಿದ್ದರೆ ಮರಣ ಪ್ರಮಾಣಪತ್ರ ಮತ್ತು ಅವರ ಗುರುತಿನ ದಾಖಲೆಗಳಿಂದ ತೀರಿಕೊಂಡವರ ಹೆಸರನ್ನು ತೆಗೆಸಬಹುದು. ನಾಮಿನಿ ಇದ್ದರೆ ಟ್ರಾನ್ಸ್‌ಮಿಷನ್ ಕೋರುವ ಐಎಸ್‌ಆರ್-5 ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಪ್ಯಾನ್ ಮತ್ತು ಮೂಲ ಷೇರುಪತ್ರ ಸಾಕು. ಆದರೆ ನಾಮಿನಿಯಾದ ಮಾತ್ರಕ್ಕೆ ಷೇರು ಅವರ ಸ್ವಂತದ್ದಾಗುವುದಿಲ್ಲ, ನಾಮಿನೇಷನ್ ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕಷ್ಟ ಬರುವುದು ಒಬ್ಬರೇ ಹೆಸರಿನಲ್ಲಿದ್ದು, ನಾಮಿನಿಯೂ ಇಲ್ಲದೆ, ಉಯಿಲನ್ನೂ ಬರೆಯದೆ ಹೋದಾಗ. ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು 2019ರಲ್ಲಿ ತೀರಿಕೊಂಡರು ಎಂದಿಟ್ಟುಕೊಳ್ಳಿ. ಅವರ ಪೆಟ್ಟಿಗೆಯಲ್ಲಿ 10 ರೂಪಾಯಿ ಮುಖಬೆಲೆಯ 100 ಷೇರುಗಳ ಪತ್ರವಿತ್ತು. ಆ ನಂತರ ಕಂಪನಿ ಮುಖಬೆಲೆಯನ್ನು 2 ರೂಪಾಯಿಗೆ ಇಳಿಸಿದ್ದರಿಂದ ಈಗ ಅವು 500 ಷೇರುಗಳು. ಪೇಟೆಯ ದರ 480 ರೂಪಾಯಿ ಇದ್ದರೆ ಒಟ್ಟು ಬೆಲೆ 2,40,000 ರೂಪಾಯಿ. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಸಾಗರಕ್ಕೆ ಮದುವೆಯಾಗಿ ಹೋದ ಮಗಳು, ಬೆಂಗಳೂರಿನಲ್ಲಿರುವ ಇನ್ನೊಬ್ಬ ಮಗಳು ಇದ್ದಾರೆ. ಷೇರುಗಳು ಮಗನ ಹೆಸರಿಗೆ ಆಗಲಿ ಎಂದು ಎಲ್ಲರೂ ಒಪ್ಪಿದ್ದಾರೆ.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022ರಲ್ಲಿ ನಿಗದಿಪಡಿಸಿದಂತೆ ಕಾಗದದ ಷೇರುಗಳಿಗೆ ಒಂದು ಕಂಪನಿಗೆ 5 ಲಕ್ಷ ರೂಪಾಯಿವರೆಗೆ, ಎಲೆಕ್ಟ್ರಾನಿಕ್ ಖಾತೆಯಲ್ಲಿರುವ ಡಿಮ್ಯಾಟ್ ಷೇರುಗಳಿಗೆ ಒಬ್ಬ ಹೂಡಿಕೆದಾರನಿಗೆ 15 ಲಕ್ಷ ರೂಪಾಯಿವರೆಗೆ ಸರಳ ಮಾರ್ಗವೊಂದಿದೆ. ಬೆಲೆಯನ್ನು ಅರ್ಜಿ ಕೊಡುವ ದಿನಕ್ಕೆ ಲೆಕ್ಕ ಹಾಕುತ್ತಾರೆ, ತೀರಿಕೊಂಡ ದಿನಕ್ಕಲ್ಲ. ಈ ಮಿತಿಯನ್ನು ಹೆಚ್ಚಿಸುವ ಸ್ವಾತಂತ್ರ್ಯ ಕಂಪನಿಗೆ ಇರುವುದರಿಂದ ಸದ್ಯದ ಮೊತ್ತವನ್ನು ರಿಜಿಸ್ಟ್ರಾರ್‌ರನ್ನೇ ಕೇಳಿ ತಿಳಿಯಬೇಕು. ನಮ್ಮ ಉದಾಹರಣೆ ಮಿತಿಯೊಳಗೇ ಇದೆ. ಹಾಗಾಗಿ ನ್ಯಾಯಾಲಯಕ್ಕೆ ಹೋಗದೆ ಮೂರು ಬಗೆಯ ಪತ್ರಗಳಿಂದ ಕೆಲಸವಾಗುತ್ತದೆ: ಎಲ್ಲ ವಾರಸುದಾರರೂ ಸಹಿ ಮಾಡಿದ ನೋಟರಿ ಅಫಿಡವಿಟ್, ಷೇರು ಬೇಡವೆನ್ನುವವರೆಲ್ಲರ ನಿರಾಕ್ಷೇಪಣಾ ಪತ್ರ, ಷೇರು ಪಡೆಯುವ ಮಗ ಬರೆದುಕೊಡುವ ನಷ್ಟಭರ್ತಿ ಬಾಂಡ್, ಅಂದರೆ ಮುಂದೆ ಯಾರಾದರೂ ಹಕ್ಕು ಕೇಳಿ ಬಂದರೆ ಕಂಪನಿಗಾಗುವ ನಷ್ಟವನ್ನು ತಾನು ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ. ನಿರಾಕ್ಷೇಪಣಾ ಪತ್ರದ ಬದಲು ಎಲ್ಲರೂ ಸೇರಿ ಬರೆದ ಕುಟುಂಬ ಒಪ್ಪಂದ ಪತ್ರವೂ ನಡೆಯುತ್ತದೆ.

ಇಲ್ಲಿ ‘ಎಲ್ಲರೂ’ ಎಂದರೆ ಯಾರು ಎಂಬಲ್ಲಿಯೇ ಜನ ತಪ್ಪುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಅವರ ತಾಯಿಯೂ ಸೇರುತ್ತಾರೆ. ತಂದೆ ಆ ವರ್ಗದಲ್ಲಿಲ್ಲ. ಮದುವೆಯಾದ ಮಗಳನ್ನು ಬಿಡುವ ತಪ್ಪು ಈಗ ಕಡಿಮೆಯಾಗಿದೆ, ಆದರೆ ಒಳಮನೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯ ಹೆಸರನ್ನು ಬಿಡುವುದು ಇನ್ನೂ ನಿಂತಿಲ್ಲ. ಅಜ್ಜಿ ಬದುಕಿದ್ದರೆ ಈ ಮನೆಯ ವಾರಸುದಾರರು ನಾಲ್ವರಲ್ಲ, ಐವರು. ಐವರೂ ಅಫಿಡವಿಟ್ ಕೊಡಬೇಕು, ಅಜ್ಜಿ ಸೇರಿ ನಾಲ್ವರು ನಿರಾಕ್ಷೇಪಣೆ ಬರೆಯಬೇಕು. ಅವರು ಸಹಿ ಮಾಡಲಾರರು ಎಂದಾದರೆ ನೋಟರಿಯ ಎದುರು ಹೆಬ್ಬೆಟ್ಟು ಒತ್ತಿಸಬೇಕು, ಪತ್ರದಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ ಎಂಬ ಸಾಲನ್ನೂ ಸೇರಿಸಬೇಕು.

ಮಗ ತೀರಿಕೊಂಡಾಗ ಬದುಕಿದ್ದ ಆ ಅಜ್ಜಿ 2022ರಲ್ಲಿ ತೀರಿಕೊಂಡಿದ್ದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. 2019ರಲ್ಲೇ ಅವರಿಗೆ ಬಂದಿದ್ದ ಐದನೆಯ ಒಂದು ಪಾಲು, ಅಂದರೆ 100 ಷೇರುಗಳ ಹಕ್ಕು, ಅವರ ವಾರಸುದಾರರಿಗೆ ಹೋಗುತ್ತದೆ. ಹಾಗೆಂದರೆ ತೀರಿಕೊಂಡ ಬೆಳೆಗಾರರ ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರು, ಜೊತೆಗೆ ಅಜ್ಜಿಗಿಂತ ಮೊದಲೇ ತೀರಿಹೋದ ಮಗನ ಮಕ್ಕಳಾದ ಇವರೂ ಆ ಪಾಲಿಗೆ ಹಕ್ಕುದಾರರು. ಆಗ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಸಹಿಯೂ ಬೇಕಾಗುತ್ತದೆ. ಆದ್ದರಿಂದ ಪಟ್ಟಿ ಮಾಡುವಾಗ ಈ ದಿನ ಮನೆಯಲ್ಲಿ ಯಾರಿದ್ದಾರೆಂದು ಎಣಿಸದೆ, ಷೇರುದಾರರು ತೀರಿಕೊಂಡ ದಿನ ಯಾರ್ಯಾರು ಬದುಕಿದ್ದರು ಎಂದು ಎಣಿಸಿ, ಆಮೇಲೆ ತೀರಿಕೊಂಡವರ ಮರಣ ಪ್ರಮಾಣಪತ್ರಗಳನ್ನೂ ಒಟ್ಟುಗೂಡಿಸಿ.

ಸರಳ ಮಾರ್ಗ ಇದ್ದರೂ ನಾನು ಹೇಳುವುದು, ನಾಡಕಚೇರಿಯಿಂದ ವಾರಸುದಾರಿಕೆಯನ್ನು ತೋರಿಸುವ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಸಕ್ಷಮ ಸರ್ಕಾರಿ ಪ್ರಾಧಿಕಾರ ಕೊಟ್ಟ ವಾರಸುದಾರಿಕೆ ಪ್ರಮಾಣಪತ್ರಕ್ಕೆ ಅಥವಾ ಅದಕ್ಕೆ ಸಮಾನವಾದ ಪತ್ರಕ್ಕೆ ಈ ಮೊತ್ತದ ಮಿತಿ ಅಡ್ಡಬರುವುದಿಲ್ಲ. ನಷ್ಟಭರ್ತಿ ಬಾಂಡ್ ಮತ್ತು ಇತರರ ನಿರಾಕ್ಷೇಪಣೆ ಮಾತ್ರ ಅದರ ಜೊತೆಗೆ ಇರಬೇಕು. ಆದರೆ ಪೌತಿ ಖಾತೆಗೆಂದು ಛಾಪಾ ಕಾಗದದ ಮೇಲೆ ಮನೆಯವರೇ ಬರೆದು ನೋಟರಿ ಮಾಡಿಸಿದ ವಂಶವೃಕ್ಷ ಈ ಕೆಲಸಕ್ಕೆ ಬಾರದು, ಅದಕ್ಕೆ ಅಧಿಕಾರಿಯ ಸಹಿಯೇ ಇರುವುದಿಲ್ಲ. ಅಂಥ ಹಳೆಯ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಕೈಬಿಟ್ಟಿದ್ದು, ಈಗಿನ ಅಫಿಡವಿಟ್‌ನಲ್ಲಿ ಸೇರಿಸಿದ್ದರೆ ಎರಡೂ ಒಂದಕ್ಕೊಂದು ಹೊಂದದೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ, ಮುಂಬೈ ಅಥವಾ ಹೈದರಾಬಾದಿನಲ್ಲಿ ಕುಳಿತು ಪರಿಶೀಲಿಸುವವರಿಗಾಗಿ ನೋಟರಿ ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನು ಕೇಳುವ ಮೊದಲೇ ಲಗತ್ತಿಸುವುದು ಒಳ್ಳೆಯದು.

ಹೆಸರಿನ ವ್ಯತ್ಯಾಸ ಇನ್ನೊಂದು ತೊಡಕು. ಷೇರುಪತ್ರದಲ್ಲಿ ಊರಿನ ಮತ್ತು ತಂದೆಯ ಇನಿಶಿಯಲ್ ಮುಂದಿರುತ್ತದೆ, ಮರಣ ಪ್ರಮಾಣಪತ್ರದಲ್ಲಿ ಅದು ಹಿಂದೆ ಬಂದಿರುತ್ತದೆ ಅಥವಾ ‘ಗೌಡ’, ‘ಭಟ್ಟ’, ‘ನಾಯಕ’ ಸೇರಿಕೊಂಡಿರುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಸಾಲನ್ನು ಅಫಿಡವಿಟ್‌ನಲ್ಲಿ ಹಾಕಿಸಿ, ಎರಡನ್ನೂ ಬೆಸೆಯುವ ಹಳೆಯ ದಾಖಲೆಯೊಂದನ್ನು ಹುಡುಕಿ ಜೊತೆಗಿಡಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳಿಗೂ ಇದೇ ಮಾತು.

ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ಅಫಿಡವಿಟ್‌ಗಳನ್ನು ದಯವಿಟ್ಟು ಬಳಸಬೇಡಿ. ಅವು ಬ್ಯಾಂಕ್ ಠೇವಣಿಗೋ ವಿದ್ಯುತ್ ಮೀಟರಿಗೋ ಬರೆದ ಒಕ್ಕಣೆಗಳು. ರಿಜಿಸ್ಟ್ರಾರ್‌ರ ಜಾಲತಾಣದಲ್ಲಿರುವ ಸೆಬಿ ನಮೂನೆಯನ್ನು ಅಕ್ಷರಶಃ ಟೈಪ್ ಮಾಡಿಸಿ, ಇ-ಸ್ಟಾಂಪ್ ಕಾಗದವನ್ನು ಸಹಿ ಮಾಡುವವರ ಹೆಸರಿನಲ್ಲೇ ಕೊಳ್ಳಿ. ಫೋಲಿಯೊ ಸಂಖ್ಯೆ ಮತ್ತು ಈಗಿನ ಷೇರು ಸಂಖ್ಯೆ, ನಮ್ಮ ಉದಾಹರಣೆಯಲ್ಲಿ 100 ಅಲ್ಲ, 500, ಎಲ್ಲ ಪತ್ರಗಳಲ್ಲೂ ಒಂದೇ ಆಗಿರಲಿ. ಬೆಲೆಯಲ್ಲಿ ಪಾಲು ಕೇಳುವ ‘ಷೇರು ಬಿಡಿಸಿಕೊಡುವ’ ಏಜೆಂಟರೂ ಇದ್ದಾರೆ. ಅವರು ಮಾಡುವುದೂ ಈ ಕಾಗದಗಳನ್ನೇ.

ವಾರಸುದಾರರಲ್ಲಿ ಒಬ್ಬರು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಹೋಗಬೇಕಾಗುತ್ತದೆ. ಆ ಅರ್ಜಿಯ ಷೆಡ್ಯೂಲಿನಲ್ಲಿ ಪ್ರತಿ ಕಂಪನಿಯ ಹೆಸರು, ಫೋಲಿಯೊ ಮತ್ತು ಈಗಿನ ಷೇರು ಸಂಖ್ಯೆ ಇರಲೇಬೇಕು. ಬಿಟ್ಟುಹೋದ ಷೇರಿಗೆ ಆ ಪ್ರಮಾಣಪತ್ರ ಅನ್ವಯಿಸುವುದಿಲ್ಲ, ಅದನ್ನು ವಿಸ್ತರಿಸಿಕೊಳ್ಳಲು ಮತ್ತೆ ಅದೇ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಉಳಿದ ಕೆಲಸ ಸುಲಭ. ಮಗನ ಹೆಸರಿನಲ್ಲಿ ಡಿಮ್ಯಾಟ್ ಖಾತೆ ತೆರೆಯಿರಿ, ಏಕೆಂದರೆ ಹೊಸ ಷೇರುಪತ್ರವನ್ನು ಕಾಗದದಲ್ಲಿ ಕೊಡುವುದಿಲ್ಲ. ಆ ಖಾತೆಯ ಗ್ರಾಹಕ ವಿವರಪಟ್ಟಿ, ಪ್ಯಾನ್ ಪ್ರತಿ, ಕೆವೈಸಿಯ ಐಎಸ್‌ಆರ್-1, ಬ್ಯಾಂಕ್ ವ್ಯವಸ್ಥಾಪಕರು ಸಹಿ ದೃಢೀಕರಿಸಿದ ಐಎಸ್‌ಆರ್-2, ಹೆಸರು ಮುದ್ರಿತವಾದ ರದ್ದು ಚೆಕ್ ಇವನ್ನು ಐಎಸ್‌ಆರ್-5ರ ಜೊತೆ ಜೋಡಿಸಿ. ಎಲ್ಲದರ ನಕಲು ಇಟ್ಟುಕೊಂಡು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಷೇರುಗಳನ್ನು ಡಿಮ್ಯಾಟ್‌ಗೆ ಹಾಕಿಸಲು ದೃಢೀಕರಣ ಪತ್ರವೊಂದು ನಿಮ್ಮ ಕೈಗೇ ಬಂದರೆ 120 ದಿನಗಳೊಳಗೆ ಡಿಮ್ಯಾಟ್ ಖಾತೆಯಿರುವ ಸಂಸ್ಥೆಗೆ ಕೊಡಿ, ತಡವಾದರೆ ಷೇರುಗಳು ಕಂಪನಿಯ ತಾತ್ಕಾಲಿಕ ಖಾತೆಗೆ ಹೋಗುತ್ತವೆ.

ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದೆ ಷೇರುಗಳು ಮೊದಲೇ ಹೇಳಿದ ಸರ್ಕಾರಿ ನಿಧಿಗೆ ಹೋಗಿದ್ದರೂ ಇದೇ ವಾರಸುದಾರಿಕೆಯ ಕಾಗದಗಳು ಕಂಪನಿಗೆ ಬೇಕು. ಅವನ್ನು ನೋಡಿ ಕಂಪನಿ ಹಕ್ಕುಪತ್ರ ಕೊಟ್ಟ ಮೇಲೆ ಐಇಪಿಎಫ್-5 ಅರ್ಜಿಯನ್ನು ಸಲ್ಲಿಸಬೇಕು. ಕಾಗದದ ಷೇರಿನ ಅರ್ಜಿಯನ್ನು ದಾಖಲೆಗಳೆಲ್ಲ ಸರಿಯಿದ್ದರೆ 21 ದಿನಗಳಲ್ಲಿ ಮುಗಿಸಬೇಕೆಂಬ ನಿಯಮವಿದೆ. ಅಷ್ಟರಲ್ಲಿ ಷೇರೂ ಬಾರದೆ, ಆಕ್ಷೇಪಣೆಯ ಪತ್ರವೂ ಬಾರದೆ ಹೋದರೆ ಸ್ಪೀಡ್ ಪೋಸ್ಟ್ ರಸೀದಿಯ ಪ್ರತಿಯೊಂದಿಗೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ದಾಖಲಿಸಿ.