ಒಂದೇ ಟ್ಯಾಂಕಿಗೆ ಎರಡು ತೂತು

ಶೌಚಾಲಯ ಇಲ್ಲದ ಶಾಲೆಯ ಕಥೆ ಇದಲ್ಲ. ಜಗಳೂರು ತಾಲ್ಲೂಕಿನ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕು ಕೋಣೆಯ ಶೌಚಾಲಯ ನಾನು ವಿಜ್ಞಾನ ಶಿಕ್ಷಕಿಯಾಗಿ ಬರುವ ಮುಂಚೆಯೇ ಇತ್ತು. ಟೈಲ್ಸ್ ಇತ್ತು, ಗೋಡೆ ಮೇಲೆ ಘೋಷಣೆ ಇತ್ತು, ಸರ್ಕಾರಕ್ಕೆ ಶಾಲೆಯ ಮಾಹಿತಿ ಕೊಡುವ ಯುಡೈಸ್ ನಮೂನೆಯಲ್ಲಿ ವರ್ಷಾ ವರ್ಷ ‘ಬಳಕೆಯಲ್ಲಿದೆ’ ಎಂಬ ಟಿಕ್ಕೂ ಬೀಳುತ್ತಿತ್ತು. ಆದರೆ ಊಟದ ಬಿಡುವಿನ ನಂತರ ಒಂಬತ್ತು, ಹತ್ತನೇ ತರಗತಿಯ ಹಲವು ಹುಡುಗಿಯರು ಬೆಂಚಿನಲ್ಲಿ ಇರುತ್ತಿರಲಿಲ್ಲ.

ಹಾಜರಿ ಪುಸ್ತಕ ನೋಡಿದರೆ ಇದು ಗೊತ್ತಾಗುವುದಿಲ್ಲ. ಮಧ್ಯಾಹ್ನದ ಹಾಜರಿಯನ್ನು ಮುಖ ನೋಡಿಯೇ ಹಾಕುತ್ತೇವೆ ಅಂತ ನಮ್ಮಲ್ಲಿ ಎಷ್ಟು ಜನ ಎದೆ ಮುಟ್ಟಿ ಹೇಳುತ್ತೀರಿ? ಹಾಗಾಗಿ ಪುಸ್ತಕ ಬಿಟ್ಟು, ಊಟದ ನಂತರದ ಎರಡನೇ ಪಿರಿಯಡ್ಡಿಗೆ ತಲೆ ಎಣಿಸಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯಲು ಇಬ್ಬರು ಹುಡುಗಿಯರಿಗೆ ಹೇಳಿದೆ. ಎರಡೂ ತರಗತಿ ಸೇರಿ ಅರವತ್ತು ಚಿಲ್ಲರೆ ಹುಡುಗಿಯರು. ಬೆಳಗ್ಗೆ ಬಂದವರಲ್ಲಿ ಹನ್ನೆರಡು ಹದಿನಾಲ್ಕು ಜನ ಮಧ್ಯಾಹ್ನ ಇಲ್ಲ. ಕೇಳಿದರೆ ಹೊಟ್ಟೆನೋವು, ತಲೆನೋವು. ಉಳಿದವರೂ ಬಾಟ್ಲಿ ನೀರನ್ನು ತಂದಂತೆಯೇ ವಾಪಸ್ ಒಯ್ಯುತ್ತಿದ್ದರು. ಕುಡಿದರೆ ಹೋಗಬೇಕಲ್ಲ!

ಕಾರಣ ಸಿಕ್ಕಿದ್ದು ಟ್ಯಾಂಕಿನ ಮೇಲೆ ಹತ್ತಿ ನೋಡಿದ ಮೇಲೆ. ಇಡೀ ಶಾಲೆಗೆ ಒಂದೇ ಸಾವಿರ ಲೀಟರಿನ ಟ್ಯಾಂಕು. ಪಂಚಾಯಿತಿ ನೀರು ಬೆಳಗ್ಗೆ ತುಂಬುತ್ತದೆ. ಬಿಸಿಯೂಟದ ನಂತರ ನೂರಾ ತೊಂಬತ್ತು ಮಕ್ಕಳು ತಟ್ಟೆ ತೊಳೆದರೆ, ತಲೆಗೆ ಎರಡೂವರೆ ಮೂರು ಲೀಟರ್ ಹಿಡಿದರೂ ಐನೂರು ಲೀಟರ್ ಅಲ್ಲಿಗೇ ಹೋಯಿತು. ಅಡುಗೆ ಪಾತ್ರೆ, ಕೈಕಾಲು, ಗಿಡ ಅಂತ ಉಳಿದದ್ದೂ ಹೋಗುತ್ತದೆ. ಎಲ್ಲಾ ಲೈನೂ ಟ್ಯಾಂಕಿನ ತಳದ ಒಂದೇ ತೂತಿನಿಂದ. ಎರಡು ಗಂಟೆಗೆ ಟ್ಯಾಂಕ್ ಒಣ. ಹುಡುಗಿಯರಿಗೆ ಶೌಚಾಲಯ ಬೇಕಾಗುವ ಹೊತ್ತಿಗೆ ಸರಿಯಾಗಿ ಅಲ್ಲಿ ನೀರಿಲ್ಲ, ಮುಂಚೆ ಹೋದವರ ಹೊಲಸು ಮಾತ್ರ ಇರುತ್ತದೆ.

ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಹೊಸ ಬೋರು, ದೊಡ್ಡ ಟ್ಯಾಂಕು ಅಂದರು. ಎಂಜಿನಿಯರೊಬ್ಬರು ಒಂದೂವರೆ ಲಕ್ಷದ ಮೇಲೆ ಎಸ್ಟಿಮೇಟ್ ಹಾಕಿಕೊಟ್ಟರು. ಜಗಳೂರಿನಲ್ಲಿ ಬೋರ್ ಕೊರೆಸಿದರೆ ನೀರು ಬರುತ್ತದೋ ಧೂಳು ಬರುತ್ತದೋ ಯಾರು ಬಲ್ಲರು? ಬಂದರೂ ಫ್ಲೋರೈಡು, ಗಡಸು. ಇನ್ನೂ ಒಂದು ಟ್ಯಾಂಕ್ ಇಟ್ಟರೆ ತಟ್ಟೆ ತೊಳೆಯುವಾಗ ಅದೂ ಖಾಲಿಯಾಗುತ್ತದೆ ಎಂದು ನನಗೆ ಖಾತ್ರಿಯಿತ್ತು.

ನಾನು ಮಾಡಿಸಿದ್ದು ಇಷ್ಟೇ: ತಳದ ತೂತನ್ನು ಹೆಣ್ಣುಮಕ್ಕಳ ಶೌಚಾಲಯಕ್ಕೆ ಮಾತ್ರ ಬಿಟ್ಟೆ. ಟ್ಯಾಂಕಿನ ಎತ್ತರದಲ್ಲಿ ಐದರಲ್ಲಿ ಎರಡು ಪಾಲು ಮೇಲಕ್ಕೆ ಇನ್ನೊಂದು ತೂತು ಕೊರೆಸಿ, ತಟ್ಟೆ ತೊಳೆಯುವ ನಲ್ಲಿಗಳೂ ಮಿಕ್ಕಿದ್ದೆಲ್ಲವೂ ಅದರಿಂದ ಹೋಗುವಂತೆ ಮಾಡಿದೆ. ಮೇಲಿನ ಆರುನೂರು ಲೀಟರ್ ಯಾರು ಹೇಗೆ ಖರ್ಚು ಮಾಡಿದರೂ ಕೆಳಗಿನ ನಾನೂರಕ್ಕೆ ಕೈ ಎಟಕುವುದಿಲ್ಲ. ಒಬ್ಬರು ಹೋಗಿ ಬರಲು ಬೇಸಿನ್ನಿಗೆ ಮೂರು, ತೊಳೆದುಕೊಳ್ಳಲು ಎರಡು, ಒಟ್ಟು ಐದು ಲೀಟರ್ ಅಂದರೆ ಎಂಬತ್ತು ಸಲಕ್ಕೆ ಸಾಕು. ಟ್ಯಾಂಕ್ ನಿಪ್ಪಲ್, ಪೈಪು, ಪ್ಲಂಬರ್ ಕೂಲಿ ಸೇರಿ ಎರಡೂವರೆ ಸಾವಿರದ ಆಸುಪಾಸು ಆಯಿತು.

ಮೊದಲ ಸಲ ಸೋರಿತು. ಟ್ಯಾಂಕಿನ ಮೈಮೇಲಿನ ಉಬ್ಬುಗೆರೆ ಮೇಲೆಯೇ ಪ್ಲಂಬರ್ ಕೊರೆದಿದ್ದ, ವಾಷರ್ ಕೂರಲಿಲ್ಲ. ಎರಡು ಗೆರೆಗಳ ನಡುವಿನ ಸಮತಟ್ಟು ಜಾಗ ಹುಡುಕಿ ಕೊರೆಯಬೇಕು, ಒಳಗೂ ಹೊರಗೂ ರಬ್ಬರ್ ವಾಷರ್ ಹಾಕಬೇಕು. ಇನ್ನೊಂದು, ಕೆಸರು ತಳದಲ್ಲಿ ಕೂರುವುದರಿಂದ ಅದು ಶೌಚಾಲಯದ ಲೈನಿಗೇ ಇಳಿಯುತ್ತದೆ. ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯದಿದ್ದರೆ ನಲ್ಲಿ ಕಟ್ಟುತ್ತದೆ. ತಟ್ಟೆಗೆ ಹೋಗುವ ನೀರು ಮಾತ್ರ ಮೊದಲಿಗಿಂತ ತಿಳಿ.

ಜಗಳ ಬಂದದ್ದು ಅಡುಗೆಮನೆಯಿಂದ. “ನೀರು ಸಣ್ಣಕೆ ಬರ್ತೈತೆ ಮೇಡಂ, ಸಾಂಬಾರ್ ಪಾತ್ರೆ ತೊಳೆಯೋದು ಹೆಂಗೆ?” ನೀರಿನ ಮಟ್ಟ ಮೇಲಿನ ತೂತಿನ ಹತ್ತಿರ ಬಂದಾಗ ಧಾರೆ ಸಣ್ಣಗಾಗುವುದು ಸಹಜ. ಅಡುಗೆಯಕ್ಕನಿಗೆ ಎರಡು ಡ್ರಮ್ ಕೊಡಿಸಿ ಬೆಳಗ್ಗೆಯೇ ತುಂಬಿಟ್ಟುಕೊಳ್ಳಿ ಅಂದೆ. ಧಾರೆ ಸಣ್ಣಗಾದರೆ ಮಕ್ಕಳೂ ತಟ್ಟೆ ಬೇಗ ತೊಳೆದು ಏಳುತ್ತಾರೆ.

ನೀರಿನ ಜೊತೆಗೆ ಇನ್ನೆರಡು ಬದಲಾವಣೆ ಮಾಡಿದೆವು. ನಲ್ಲಿ ಮೊದಲು ಹೊರಗಿತ್ತು. ಬಕೆಟ್ ಹಿಡಿದು ಹುಡುಗರ ಮುಂದೆ ನಡೆಯಬೇಕಿತ್ತು. ನಾಲ್ಕೂ ಕೋಣೆಯೊಳಗೆ ಪ್ಲಾಸ್ಟಿಕ್ ನಲ್ಲಿ ಹಾಕಿಸಿದೆ. ಹಿತ್ತಾಳೆಯದು ಹಾಕಿದರೆ ದಸರಾ ರಜೆ ಮುಗಿಯುವಷ್ಟರಲ್ಲಿ ಮಾಯ. ಎರಡನೆಯದು ಬೀಗದ ಕೈ. ಅದು ಹೆಡ್‌ಮಾಸ್ಟರ್ ಮೇಜಿನ ಡ್ರಾಯರಿನಲ್ಲಿತ್ತು. ಹದಿನೈದು ವರ್ಷದ ಹುಡುಗಿ ಅಲ್ಲಿಗೆ ಹೋಗಿ ಕೈ ಚಾಚುವುದುಂಟೇ! ಈಗ ಹತ್ತನೇ ತರಗತಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತದೆ.

ಹಣದ ತಲೆನೋವು ಪೈಪಿನದಲ್ಲ, ತೊಳೆಯುವವರದು. ನಮ್ಮಷ್ಟು ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಅನುದಾನ ವರ್ಷಕ್ಕೆ 50,000, ಅದರಲ್ಲಿ ಸ್ವಚ್ಛತೆಗೆ ಕನಿಷ್ಠ ಶೇ 10. ಅಂದರೆ ಐದು ಸಾವಿರ. ದಿನ ಬಿಟ್ಟು ದಿನ ಬರುವ ಅಕ್ಕನಿಗೆ ತಿಂಗಳಿಗೆ ಸಾವಿರದೈನೂರು ಕೊಟ್ಟರೂ ಹತ್ತು ತಿಂಗಳಿಗೆ ಹದಿನೈದು ಸಾವಿರ. ಮಕ್ಕಳ ಕೈಲಿ ಮಾಡಿಸುವಂತಿಲ್ಲ, ಮಾಡಿಸಲೂಬಾರದು. ಉಳಿದ ಹತ್ತು ಸಾವಿರವನ್ನು ಎಲ್ಲಿಂದ ಹೊಂದಿಸುತ್ತೇನೆ ಅಂತ ಇಲ್ಲಿ ಬರೆದರೆ ಮುಂದಿನ ವರ್ಷ ಆ ಬಾಗಿಲಿಗೆ ಹತ್ತು ಶಾಲೆಯವರು ಬಂದು ನಿಲ್ಲುತ್ತೀರಿ, ಅದಕ್ಕೇ ಬರೆಯುವುದಿಲ್ಲ. ನೀರು ಬಿಡುವವನನ್ನು ಪ್ರತಿದಿನ ಎಂಟೂವರೆಯೊಳಗೆ ವಾಲ್ವ್ ತಿರುಗಿಸುವಂತೆ ಒಪ್ಪಿಸಿದ್ದೂ ಹಾಗೆಯೇ ಗುಟ್ಟು.

ನಡುವೆ ಒಂದು ಪ್ರಯೋಗ ಮಾಡಿದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಚರಂಡಿಗೆ ಬಿಡುವ ನೀರನ್ನು ಶೌಚಾಲಯಕ್ಕೆ ಬಳಸಿದರೆ ಹೇಗೆ ಅಂತ. ಬೇಸಿನ್ನಿಗೆ ಹುಯ್ಯಲು ಅಡ್ಡಿಯಿಲ್ಲ, ಆದರೆ ನಮ್ಮ ಗಡಸು ನೀರಿನ ಉಪ್ಪೆಲ್ಲ ಅದರಲ್ಲಿ ಮಂದಗೊಂಡಿರುತ್ತದೆ. ಕೆಲವೇ ವಾರದಲ್ಲಿ ಬಾಲ್ ವಾಲ್ವ್ ಬಿಳಿ ಸುಣ್ಣ ಕಟ್ಟಿ ನಿಂತುಬಿಟ್ಟಿತು. ಬಕೆಟ್‌ನಲ್ಲಿ ಹೊತ್ತು ತಂದು ಹುಯ್ಯುವುದಾದರೆ ಸರಿ, ಪೈಪಿಗೆ ಬಿಡಬೇಡಿ. ದಾನಿಗಳು ಕೊಟ್ಟ ಪ್ಯಾಡ್ ಸುಡುವ ಮಿಷನ್ನೂ ಕರೆಂಟ್ ಇಲ್ಲದೆ, ಕಾಯಿಲ್ ಸುಟ್ಟು ಮೂಲೆ ಸೇರಿತು. ಈಗ ಕೋಣೆಗೊಂದು ಮುಚ್ಚಳದ ಬಕೆಟ್ಟು, ಹಿತ್ತಲಲ್ಲಿ ಇಟ್ಟಿಗೆ ಒಲೆ.

ಫಲ ಏನಾಯಿತು? ಒಂದು ಟರ್ಮ್ ಕಳೆಯುವಷ್ಟರಲ್ಲಿ ಮಧ್ಯಾಹ್ನ ಮಾಯವಾಗುವವರು ಮೂರೋ ನಾಲ್ಕೋ. ಹುಡುಗರನ್ನೂ ಎಣಿಸುತ್ತಿದ್ದೆ, ಅವರ ಲೆಕ್ಕ ಮೊದಲಿದ್ದಷ್ಟೇ ಇತ್ತು. ಹಾಗಾಗಿ ಇದು ಟ್ಯಾಂಕು, ನಲ್ಲಿ, ಬೀಗದ ಕೈ ಸೇರಿ ಮಾಡಿದ ಕೆಲಸ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಬೆಳಗ್ಗೆಯ ಹಾಜರಿ ಹೆಚ್ಚು ಕದಲಲಿಲ್ಲ. ಇಡೀ ದಿನ ಬಾರದವರು ಈರುಳ್ಳಿ ಕಳೆಗೆ, ಶೇಂಗಾ ಬಿಡಿಸಲು, ತಮ್ಮನನ್ನು ನೋಡಿಕೊಳ್ಳಲು ನಿಂತವರು. ಅವರನ್ನು ಯಾವ ನಲ್ಲಿಯೂ ಕರೆತರುವುದಿಲ್ಲ. ನೇಪಾಳದಲ್ಲಿ ಹುಡುಗಿಯರಿಗೆ ಮುಟ್ಟಿನ ಕಪ್ ಕೊಟ್ಟು ನೋಡಿದ ಆಸ್ಟರ್ ಮತ್ತು ಥಾರ್ನ್‌ಟನ್ ಅವರ 2011ರ ಅಧ್ಯಯನದಲ್ಲೂ ಹಾಜರಿ ಏರಲಿಲ್ಲ. ಬೆಳಗ್ಗೆಯ ಪುಸ್ತಕ ಮಾತ್ರ ನೋಡಿದ್ದರೆ ನನಗೂ ಏನೂ ಆಗಿಲ್ಲ ಅಂತಲೇ ಕಾಣುತ್ತಿತ್ತು. ನೀವು ಮಾಡಿಸುವುದಾದರೆ ಊಟದ ನಂತರದ ತಲೆ ಎಣಿಕೆಯನ್ನು ಒಂದೆರಡು ತಿಂಗಳು ಮುಂಚೆಯೇ ಶುರು ಮಾಡಿ.

ಫೆಬ್ರವರಿ, ಮಾರ್ಚಿನಲ್ಲಿ ಪಂಚಾಯಿತಿ ನೀರು ದಿನ ಬಿಟ್ಟು ದಿನ ಬರುತ್ತದೆ. ಆಗ ನಾನೂರು ಸಾಲುವುದಿಲ್ಲ. ಅದಕ್ಕೆ ಮೇಲಿನ ತೂತಿನ ಒಳಮುಖಕ್ಕೆ ತಿರುಪಿನ ಮರೆ ಇರುವ ಎಲ್ಬೋ ಕೂರಿಸಿ, ಅದಕ್ಕೊಂದು ತುಂಡು ಪೈಪು ಸಿಕ್ಕಿಸಿ. ಅಂಟು ಹಾಕಬೇಡಿ, ಟೆಫ್ಲಾನ್ ಟೇಪು ಸುತ್ತಿದರೆ ಸಾಕು. ಪೈಪನ್ನು ಅಡ್ಡ ಮಲಗಿಸಿದರೆ ಶೌಚಾಲಯಕ್ಕೆ ನಾನೂರು, ನೆಟ್ಟಗೆ ನಿಲ್ಲಿಸಿದರೆ ಆರುನೂರರ ಹತ್ತಿರ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮರೆಯದೆ ಮಲಗಿಸಿ. ಇಲ್ಲದಿದ್ದರೆ ಅಡುಗೆಯಕ್ಕ ಬಿಂದಿಗೆ ಹಿಡಿದು ಸೀದಾ ನಿಮ್ಮ ಕ್ಲಾಸಿಗೇ ಬರುತ್ತಾರೆ.